ಬ್ರಷ್ ಹಿಡಿದ ಕೈಗೆ ಮೌಸ್ ಕೊಟ್ಟವರಿಗೆ

ನಮ್ಮ ಅಂಗಡಿಯ ಬಾಡಿಗೆ ಕರಾರು ಮೊನ್ನೆ ಮತ್ತೆ ಹನ್ನೊಂದು ತಿಂಗಳಿಗೆ ಆಯಿತು. ಹೋದ ಸಲ ಕರಾರು ಮುಗಿಯುವ ಹೊತ್ತಿಗೆ ಬೀಗದ ಕೈ ವಾಪಸ್ ಕೊಡುವ ಮಾತಾಗಿತ್ತು. ಅಂಗಡಿ ಉಳಿದದ್ದಕ್ಕೆ ಕೆಲವರಿಗೆ ಥ್ಯಾಂಕ್ಸ್ ಹೇಳಬೇಕು. ಎದುರಿಗೆ ಹೇಳಲು ಹೋದರೆ "ಬಿಡಿ ಅಂಕಲ್, ಅದೇನು ಮಹಾ" ಅಂತ ಮಾತು ಮುಗಿಸಿಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಹಾಕುವುದು ಅವರಿಗೆ ಇಷ್ಟವಿಲ್ಲ, ಹಾಗಾಗಿ ಹಾಕಿಲ್ಲ. ಓದಿದರೆ ಅವರಿಗೇ ಗೊತ್ತಾಗುತ್ತದೆ.

ನಾನು ಶಿವಮೊಗ್ಗದಲ್ಲಿ ಬೋರ್ಡ್ ಬರೆಯುವವನು. ಗಾಂಧಿ ಬಜಾರಿನ ಪಕ್ಕದ ಓಣಿಯಲ್ಲಿ ಅಂಗಡಿ. ತಗಡಿನ ಬೋರ್ಡು, ಷಟರ್, ಲಾರಿ ಹಿಂಭಾಗ, ಎಲೆಕ್ಷನ್ ಗೋಡೆ, ಎಲ್ಲ ಬರೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಒಂದೊಂದಾಗಿ ಹೋಯಿತು. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ಜೊತೆ ಫ್ಲೆಕ್ಸನ್ನೂ ನಿಷೇಧಿಸಿದಾಗ ನಮ್ಮ ಕಾಲ ವಾಪಸ್ ಬಂತು ಅಂದುಕೊಂಡವರಲ್ಲಿ ನಾನೂ ಒಬ್ಬ. ಬರಲಿಲ್ಲ. ಗಿರಾಕಿಗೆ ಬೇಕಿದ್ದದ್ದು ಫ್ಲೆಕ್ಸ್ ಅಲ್ಲ. ಬೋರ್ಡ್ ಹೇಗೆ ಕಾಣುತ್ತದೆ ಅಂತ ಇವತ್ತೇ ಮೊಬೈಲಿನಲ್ಲಿ ನೋಡಬೇಕು, ನಾಳೆ ಕೈಗೆ ಸಿಗಬೇಕು, ಅಷ್ಟೇ. ಚಾಕ್‌ಪೀಸಿನಲ್ಲಿ ಗೆರೆ ಹಾಕಿ, ಪ್ರೈಮರ್ ಒಣಗಿಸಿ, ಎರಡು ಕೋಟ್ ಇನಾಮಲ್ ಬಳಿಯುವವನಿಗೆ ಅದು ಆಗುವ ಮಾತಲ್ಲ.

ಮೊದಲ ಥ್ಯಾಂಕ್ಸ್ ನಮ್ಮ ಓಣಿ ತುದಿಯ ಕಿರಾಣಿ ಅಂಗಡಿಯವರಿಗೆ. 2024ರಲ್ಲಿ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಅಂತ ಕಾನೂನಿಗೆ ತಿದ್ದುಪಡಿ ಆಯಿತಲ್ಲ, ಅದಾದ ಮೇಲೆ ಅವರು ಬೋರ್ಡ್ ಬದಲಿಸಲು ಹೊರಟರು. ನೇರ ಫ್ಲೆಕ್ಸ್ ಅಂಗಡಿಗೆ ಹೋಗಬಹುದಿತ್ತು. ನನ್ನ ಹತ್ತಿರ ಬಂದು, "ಆರ್ಟಿಸ್ಟ್ರೇ, ಅಕ್ಷರ ನಿಮ್ಮದೇ ಇರ್ಲಿ. ಆದ್ರೆ ಪೇಂಟ್ ಬೇಡ, ಸ್ಟಿಕ್ಕರ್ ಕಟಿಂಗ್ ಮಾಡ್ಸಿ. ಮೊದ್ಲು ಡಿಸೈನ್ ತೋರ್ಸಿ" ಅಂದರು. ಕಂಪ್ಯೂಟರ್ ಬರುವುದಿಲ್ಲ ಅಂದೆ. "ಕಲೀರಿ, ನಂಗೇನೂ ಅವಸರ ಇಲ್ಲ" ಅಂದರು. ಅಡ್ವಾನ್ಸ್ ಕೂಡ ಕೊಟ್ಟು ಹೋದರು. ಕೊಟ್ಟ ದುಡ್ಡು ಕೈಯಲ್ಲಿದ್ದರೆ ಕಲಿಯದೆ ವಿಧಿಯಿಲ್ಲ, ಅಲ್ವಾ?

ಕಂಪ್ಯೂಟರ್ ಕೊಟ್ಟವನು ನನ್ನ ಅಕ್ಕನ ಮಗ. ಅವನ ಆಫೀಸಿನಲ್ಲಿ ಹಳೆಯದು ಮಾರುತ್ತಿದ್ದರಂತೆ, ತಂದು ಕೂರಿಸಿ ಹೋದ. ದುಡ್ಡಿನ ಮಾತೆತ್ತಿದರೆ ಬೈಯುತ್ತಾನೆ.

ಕಲಿಸಿದವರು ಪಕ್ಕದ ಡಿಟಿಪಿ ಸೆಂಟರಿನ ಹೆಣ್ಣುಮಗಳು. ಹಗಲೆಲ್ಲ ಮದುವೆ ಕಾರ್ಡು, ಅರ್ಜಿ ಟೈಪ್ ಮಾಡಿ ಸಾಕಾಗಿರುತ್ತದೆ. ಆದರೂ ಸಂಜೆ ಷಟರ್ ಅರ್ಧ ಎಳೆದು ನನ್ನ ಪಕ್ಕ ಕೂರುತ್ತಿದ್ದಳು. ಇವಳಿಗೆ ಬರಿ ಥ್ಯಾಂಕ್ಸ್ ಅಂದರೆ ಸಾಲದು, ಏನೇನು ಕಲಿಸಿದಳು ಅಂತ ಹೇಳಬೇಕು. ನನ್ನ ಹಾಗೆ ಬ್ರಷ್ ಬಿಟ್ಟು ಕೂತವರಿಗೂ ಉಪಯೋಗಕ್ಕೆ ಬಂದೀತು.

ನಮ್ಮ ಕಡೆ ಬೋರ್ಡಿನ ಕೆಲಸಕ್ಕೆ ಕೋರೆಲ್ ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರ್ ಜಾಸ್ತಿ, ಅದನ್ನೇ ಹಾಕಿಕೊಟ್ಟಳು. ಕನ್ನಡ ಟೈಪ್ ಮಾಡುವುದಕ್ಕೆ ನುಡಿ. ಅಂಗಡಿಯವರು ವಾಟ್ಸಾಪಿನಲ್ಲಿ ಕಳಿಸಿದ ಹೆಸರನ್ನು ಕಾಪಿ ಮಾಡಿ ಹಾಕಿದೆ, ನುಡಿ ಫಾಂಟ್ ಆರಿಸಿದೆ, ಅಕ್ಷರ ನುಡಿಗೆ ಬದಲಾಗಲೇ ಇಲ್ಲ. ಇನ್ನೊಂದು ಸಲ ಡಿಟಿಪಿ ಸೆಂಟರಿನಿಂದ ತಂದ ಹಳೆಯ ಫೈಲು ತೆರೆದರೆ PÀ£ÀßqÀ ಅಂತ ಏನೋ ಇತ್ತು. ವೈರಸ್ ಅಂದುಕೊಂಡೆ. ಅವಳು ಅದನ್ನು ಆರಿಸಿ ಫಾಂಟ್ ಬದಲಿಸಿದಳು. ಅಚ್ಚುಕಟ್ಟಾಗಿ "ಕನ್ನಡ" ಅಂತ ಕಾಣಿಸಿತು. ಮೊಬೈಲಿನ ಕನ್ನಡ ಯೂನಿಕೋಡ್, ಅಂದರೆ ಅಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಮನೆ ಇರುತ್ತದೆ. ಹಳೆಯ ನುಡಿ ಫಾಂಟಿನ ಕನ್ನಡ ಹಾಗಲ್ಲ, ಇಂಗ್ಲಿಷ್ ಅಕ್ಷರದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಇಟ್ಟಿರುತ್ತಾರೆ. ಹಾಗಾಗಿ ಮೊಬೈಲಿನಿಂದ ಬಂದದ್ದನ್ನು ಮೊದಲು ಕನ್ವರ್ಟರಿನಲ್ಲಿ ಹಾಕಿ ಬದಲಿಸಿಕೊಳ್ಳಬೇಕು. ಇಷ್ಟು ಗೊತ್ತಿಲ್ಲದೆ ಎಷ್ಟು ಜನ ಮತ್ತೆ ಮೊದಲಿಂದ ಟೈಪ್ ಮಾಡುತ್ತಾರೋ ಏನೋ.

ತುಂಡು ಅಂದೆನಲ್ಲ, ನಿಜವಾಗಲೂ ತುಂಡೇ. ಆ ಫಾಂಟಿನಲ್ಲಿ "ಕ" ಒಂದು ಅಕ್ಷರ ಅಲ್ಲ. ಮೈ ಒಂದು, ತಲಕಟ್ಟು ಇನ್ನೊಂದು. ಒತ್ತು ಬೇರೆ, ಅರ್ಕಾವತ್ತು ಬೇರೆ. ಪರದೆಯ ಮೇಲೆ ಒಂದರ ಮೇಲೊಂದು ಕೂತಿರುವುದರಿಂದ ನಮಗೆ ಒಂದೇ ಅಕ್ಷರದ ಹಾಗೆ ಕಾಣುತ್ತದೆ. ಪೇಪರಿನಲ್ಲಿ ಪ್ರಿಂಟ್ ತೆಗೆದರೂ ಗೊತ್ತಾಗುವುದಿಲ್ಲ. ಆದರೆ ಸ್ಟಿಕ್ಕರ್ ಕತ್ತರಿಸುವ ಮಷೀನಿಗೆ ಬಣ್ಣ ಕಾಣುವುದಿಲ್ಲ, ಗೆರೆ ಮಾತ್ರ ಕಾಣುತ್ತದೆ. ಮೈ ಮತ್ತು ತಲಕಟ್ಟು ಸೇರುವ ಕಡೆ ಒಳಗಿನ ಗೆರೆಯ ಮೇಲೂ ಬ್ಲೇಡ್ ಓಡಿಸುತ್ತದೆ. ಸ್ಟಿಕ್ಕರ್ ಬಿಡಿಸುವಾಗ ತಲಕಟ್ಟು ಕೈಗೆ ಬರುತ್ತದೆ, ಮೈ ಅಲ್ಲೇ ಉಳಿಯುತ್ತದೆ.

ನನ್ನ ಫೈಲು ಕಟಿಂಗಿಗೆ ಹೋಗುವ ಮುಂಚೆಯೇ ಅವಳು View ಮೆನುವಿನಲ್ಲಿ Wireframe ಒತ್ತಿ ತೋರಿಸಿದಳು. ಬಣ್ಣವೆಲ್ಲ ಹೋಗಿ ಬರಿ ಗೆರೆ ಉಳಿಯಿತು. "ಸ್ಟೋರ್ಸ್" ಅನ್ನುವುದರ ಒಳಗೆಲ್ಲ ಗೆರೆಗಳು ಅಡ್ಡಾದಿಡ್ಡಿ ಹಾದುಹೋಗಿದ್ದವು. "ಅಂಕಲ್, ಒಳಗೆ ಒಂದು ಗೆರೆ ದಾಟಿದ್ರೂ ಕಳಿಸ್ಬೇಡಿ" ಅಂದಳು. ದಾರಿಯನ್ನೂ ಹೇಳಿಕೊಟ್ಟಳು. ಮೊದಲು Ctrl+K ಒತ್ತುತ್ತಾ ಸಾಲನ್ನು ಬಿಡಿ ಅಕ್ಷರ ಮಾಡಬೇಕು. ಆಮೇಲೆ Ctrl+Q ಒತ್ತಿದರೆ ಅಕ್ಷರ ಹೋಗಿ ಆಕಾರ ಆಗುತ್ತದೆ. ಕೊನೆಗೆ ಎಲ್ಲ ಆರಿಸಿ Weld ಒತ್ತಿದರೆ ಒಂದರ ಮೇಲೊಂದು ಕೂತ ತುಂಡುಗಳು ಬೆಸೆದು ಒಂದೇ ಆಕಾರ ಆಗುತ್ತವೆ. ಕ್ರಮ ತಿರುವು ಮುರುವು ಆಗಬಾರದು. Ctrl+Q ಮೊದಲು ಒತ್ತಿ ಆಮೇಲೆ ಬಿಡಿಸಿದರೆ "ರ", "ಠ"ದ ಒಳಗಿನ ತೂತೂ ಬೇರೆ ತುಂಡಾಗಿ, Weld ಮಾಡಿದಾಗ ತೂತು ಮುಚ್ಚಿ ಗಟ್ಟಿ ಬಿಲ್ಲೆ ಆಗುತ್ತದೆ.

ಅಳತೆ ವಿಷಯದಲ್ಲಿ ಮಾತ್ರ ನಾನು ಅವಳಿಗೆ ಸ್ವಲ್ಪ ಕಲಿಸಿದೆ ಅಂತ ಹೇಳಿಕೊಳ್ಳಬಹುದು. ಬೋರ್ಡು 10 ಅಡಿ ಅಗಲ, 3 ಅಡಿ ಎತ್ತರ. ಎತ್ತರ 36 ಇಂಚಿನಲ್ಲಿ ಶೇಕಡಾ 60 ಅಂದರೆ 21.6, ಕನ್ನಡಕ್ಕೆ 22 ಇಂಚು ಬಿಟ್ಟೆವು. ಅವಳು 22 ಇಂಚಿಗೂ ಅಕ್ಷರ ತುಂಬಲು ಹೊರಟಳು. ಇಂಗ್ಲಿಷಾದರೆ ಸರಿ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ನಾವು ತಗಡಿನ ಮೇಲೆ ಅಕ್ಷರದ ಮೈಗೆ ಎರಡು ಗೆರೆ ಹಾಕಿದ ಮೇಲೆ ಒತ್ತಿಗೆ ಅಂತ ಮೂರನೇ ಗೆರೆ ಹಾಕುತ್ತೇವೆ. ಅದೇ ಲೆಕ್ಕ ಇಲ್ಲೂ ಹಾಕಿದೆ. ಮೇಲಂಚು 2 ಇಂಚು, ಗುಡಿಸಿಗೆ 4, ಮೈ 9, ಒತ್ತಿಗೆ 5, ಕೆಳಗೆ ಉಸಿರಾಡಲು 2. ಉಳಿದ 14 ಇಂಚಿನಲ್ಲಿ 6 ಇಂಚಿನ ಇಂಗ್ಲಿಷ್.

9 ಇಂಚಿಗೆ ಎಷ್ಟು ಪಾಯಿಂಟ್? ಇಂಚಿಗೆ 72 ಅಂತ ಓದಿ 648 ಹೊಡೆದರೆ ಮೈ ತೀರಾ ಚಿಕ್ಕದಾಗಿ ಬಂತು. ಪಾಯಿಂಟಿನ ಲೆಕ್ಕದಲ್ಲಿ ಮೇಲೆ ಕೆಳಗೆ ಬಿಡುವ ಜಾಗವೂ ಸೇರಿರುತ್ತದಂತೆ. ಆಮೇಲೆ ನಾನು ಪಾಯಿಂಟಿನ ಸಹವಾಸವೇ ಬಿಟ್ಟೆ. 9 ಇಂಚು ಎತ್ತರದ ಚೌಕ ಬರೆದು, ಅದರ ಪಕ್ಕ ಅಕ್ಷರ ಇಟ್ಟು, ಸರಿಹೋಗುವವರೆಗೆ ಮೂಲೆ ಹಿಡಿದು ಎಳೆಯುತ್ತೇನೆ. ಈಗ ಅವಳೂ ಹಾಗೇ ಮಾಡುತ್ತಾಳೆ.

ಅಂಗಡಿಯವರು "ಅಕ್ಷರ ನಿಮ್ಮದೇ ಇರ್ಲಿ" ಅಂದಿದ್ದರಲ್ಲ, ಅದು ಬಾಕಿ ಇತ್ತು. ಚಾರ್ಟ್ ಪೇಪರಿನ ಮೇಲೆ ಕಪ್ಪು ಬಣ್ಣದಲ್ಲಿ ಹೆಸರು ಬರೆದೆ. ನೇರಕ್ಕೆ ಫೋಟೋ ತೆಗೆದು ಒಳಗೆ ಹಾಕಿದೆವು. ತಾನೇ ಗೆರೆ ಎಳೆಯುವ ವ್ಯವಸ್ಥೆ ಕೋರೆಲ್‌ನಲ್ಲಿದೆ. ಒತ್ತಿದರೆ ಕಣ್ಣುಮುಚ್ಚಿ ತೆರೆಯುವುದರಲ್ಲಿ ಆಗುತ್ತದೆ. ಆದರೆ ದೊಡ್ಡದು ಮಾಡಿ ನೋಡಿದರೆ ಅಂಚಿನ ತುಂಬ ನೋಡ್‌ಗಳು, ಅಂದರೆ ಗೆರೆ ಹಿಡಿದಿಡುವ ಚುಕ್ಕಿಗಳು. ಒಂದು "ಮ"ಕ್ಕೇ ರಾಶಿ ಚುಕ್ಕಿ. ಬ್ರಷ್ಷಿನ ಒಂದು ಬೀಸು ಅಲ್ಲಿ ಇರುವೆ ಕಡಿದ ಹಾಗೆ ಉಬ್ಬುತಗ್ಗು ಆಗಿತ್ತು.

ಹಾಗಾಗಿ ಕೈಯಲ್ಲೇ ಎಳೆದೆ. ಚುಕ್ಕಿ ಎಲ್ಲಿ ಇಡಬೇಕು ಅನ್ನುವುದಕ್ಕೆ ನಾನೇ ಒಂದು ನಿಯಮ ಕಂಡುಕೊಂಡೆ: ಬರೆಯುವಾಗ ಮಣಿಕಟ್ಟು ಎಲ್ಲಿ ತಿರುಗುತ್ತದೋ ಅಲ್ಲಿ ಒಂದು. ಮಧ್ಯೆ ಬೇಡ. ಗುಂಡಗಿನ ಭಾಗಕ್ಕೆ ನಾಲ್ಕು ಸಾಕು. ಮೌಸಿನಲ್ಲಿ ನನ್ನ ಕೈ ಅದುರುತ್ತದೆ. ಆದರೆ ಇಲ್ಲಿ ಅದುರಿದರೂ ಚಿಂತೆಯಿಲ್ಲ, ಚುಕ್ಕಿ ಇಟ್ಟ ಮೇಲೆ ನಿಧಾನಕ್ಕೆ ಸರಿಸಬಹುದು. ಈ ವಯಸ್ಸಿನಲ್ಲಿ ಇನಾಮಲ್ ಕೊಡದ ಒಂದು ಸೌಲಭ್ಯ ಅದು, ಒಪ್ಪಬೇಕು.

ಇನ್ನೊಂದು ಸಂಗತಿ. ಸಾಲು ಗಿಡ್ಡವಾಗಿ ಜಾಗ ಉಳಿದರೆ ಇಡೀ ಸಾಲನ್ನು ಪಕ್ಕಕ್ಕೆ ಜಗ್ಗುವುದು ಈಗ ಎಲ್ಲ ಕಡೆ ರೂಢಿ. ಜಗ್ಗಿದರೆ ನಿಂತ ಗೆರೆ ದಪ್ಪ ಆಗುತ್ತದೆ, ಮಲಗಿದ ಗೆರೆ ಹಾಗೇ ಇರುತ್ತದೆ. ಅಕ್ಷರಕ್ಕೆ ಊದಿಕೊಂಡ ಕಳೆ ಬರುತ್ತದೆ. ನನಗೆ ಅದು ಕಂಡರೆ ಆಗುವುದಿಲ್ಲ. ಕೈಯಲ್ಲಿ ಬರೆಯುವವನು ಗೆರೆಯ ದಪ್ಪ ಹಾಗೇ ಇಟ್ಟು ಹೊಟ್ಟೆಯನ್ನಷ್ಟೇ ಅಗಲ ಮಾಡುತ್ತಾನೆ. ಕೋರೆಲ್‌ನಲ್ಲೂ ಆಗುತ್ತದೆ. F10 ಒತ್ತಿ, ಅಕ್ಷರದ ಬಲ ಅರ್ಧದ ಚುಕ್ಕಿಗಳನ್ನು ಮಾತ್ರ ಆರಿಸಿ, ಸರಿಸಬೇಕು. ಒಂದೊಂದು ಅಕ್ಷರಕ್ಕೂ ಮಾಡಬೇಕು, ಹೊತ್ತು ಹಿಡಿಯುತ್ತದೆ. ಮಾಡಿದೆ.

ಕಟಿಂಗ್ ಮಷೀನಿನ ಹುಡುಗನಿಗೂ ಥ್ಯಾಂಕ್ಸ್ ಇದೆ. ಇಡೀ ಬೋರ್ಡ್ ಕತ್ತರಿಸುವ ಮುಂಚೆ ಮೂಲೆಯ ವೇಸ್ಟ್ ಪೀಸಿನಲ್ಲಿ "ಸ್ಟೋ" ಒಂದನ್ನೇ ಚಿಕ್ಕದಾಗಿ ಕತ್ತರಿಸಿ ತೋರಿಸಿದ. ಟ ಒತ್ತಿನ ಬಾಲ ಸಪೂರವಾಗಿ ಸ್ಟಿಕ್ಕರ್ ಜೊತೆ ಎದ್ದು ಬಂತು. "ಯಜಮಾನ್ರೇ, ಈ ಬಾಲ ಸ್ವಲ್ಪ ದಪ್ಪ ಮಾಡ್ಕೊಂಡು ಬನ್ನಿ, ದೊಡ್ಡದ್ರಲ್ಲೂ ಗಾಳಿಗೆ ಮೊದ್ಲು ಏಳೋದು ಇದೇ" ಅಂದ. ಬ್ರಷ್ಷಿನಲ್ಲಿ ಬಾಲವನ್ನು ಕೂದಲಿನಷ್ಟು ತೆಳ್ಳಗೆ ಬಿಡುವುದೇ ನಮ್ಮ ಶೋಕಿ. ಸ್ಟಿಕ್ಕರಿಗೆ ಅದು ನಡೆಯುವುದಿಲ್ಲ. ಬಿಟ್ಟುಕೊಟ್ಟೆ.

ಬೋರ್ಡು ಏರಿದ ಮೇಲೆ ಕಿರಾಣಿಯವರು ಬೀದಿಯ ಆಚೆ ನಿಂತು ನೋಡಿ, "ಪೇಂಟ್ ಥರಾನೇ ಇದೆ" ಅಂದರು. ಬಾಕಿ ದುಡ್ಡು ಆಗಲೇ ಎಣಿಸಿಕೊಟ್ಟರು. ಅವರನ್ನು ನೋಡಿ ಅದೇ ಸಾಲಿನ ಟೈಲರ್, ಮೆಡಿಕಲ್ ಶಾಪಿನವರು ಬಂದರು. ಈಗ ಆಯುಧ ಪೂಜೆಯ ಮುಂಚೆ ಮುಗಿಸಬೇಕಾದ ಬೋರ್ಡುಗಳು ಸಾಲಾಗಿವೆ. ರಾತ್ರಿ ಊಟ ಮುಚ್ಚಿಟ್ಟು ಕಾದ ನನ್ನ ಹೆಂಡತಿಗೂ ಥ್ಯಾಂಕ್ಸ್. ಅವಳಿಗೆ ಈ ಬರಹ ನಾನೇ ಓದಿ ಹೇಳಬೇಕು, ಕನ್ನಡಕ ಇಬ್ಬರಿಗೂ ಒಂದೇ.

ಈಗ ಬಿಡುವಿದ್ದಾಗ ನನ್ನ ಅಕ್ಷರಗಳನ್ನು ಅ ಇಂದ ಒಂದೊಂದಾಗಿ ಎಳೆದು, Weld ಮಾಡಿ, ಒಂದೇ ಫೈಲಿನಲ್ಲಿ ಇಡುತ್ತಿದ್ದೇನೆ. ಒತ್ತಕ್ಷರ ಇನ್ನೂ ಬಾಕಿ. ಊರಲ್ಲಿ ನನ್ನ ಹಾಗೆ ಬೋರ್ಡ್ ಬರೆಯುತ್ತಿದ್ದವರು ಯಾರಿಗಾದರೂ ಬೇಕಿದ್ದರೆ ಪೆನ್‌ಡ್ರೈವ್ ತನ್ನಿ, ಹಾಕಿಕೊಡುತ್ತೇನೆ. ಸಂಜೆ ಆರರ ಮೇಲೆ ಬನ್ನಿ, ಹಗಲು ಕಟಿಂಗ್ ಅಂಗಡಿಯಲ್ಲಿ ಇರುತ್ತೇನೆ.