ನಮ್ಮ ಹೆಸರಲ್ಲಿ ಮೆಸೇಜ್ ಬಂದರೆ, ದುಡ್ಡು ಹಾಕುವ ಮುಂಚೆ ಇದನ್ನು ಓದಿ

ನಮಸ್ಕಾರ,

ಮೊಳಕಾಲ್ಮೂರಿನ ನಮ್ಮ ನೇಕಾರರ ಸಂಘದಿಂದ ಸೀರೆ ತರಿಸಿಕೊಳ್ಳುವ ಎಲ್ಲರಿಗೂ ಈ ಪತ್ರ. ಇನ್ನು ಮುಂದೆ ಇನ್‌ಸ್ಟಾಗ್ರಾಂ ಮೆಸೇಜಿನಲ್ಲಿ ನಾವು ರೇಟ್ ಹೇಳುವುದಿಲ್ಲ, ಕ್ಯೂಆರ್ ಕಳಿಸುವುದಿಲ್ಲ, ಅಡ್ವಾನ್ಸ್ ಕೇಳುವುದಿಲ್ಲ. ಕೆಲವರಿಗೆ ಕಿರಿಕಿರಿ ಅನ್ನಿಸಬಹುದು. ಕಾರಣ ಕೇಳಿ.

ನಮ್ಮ ನವಿಲು ಅಂಚಿನ ಹಸಿರು ಸೀರೆಯ ಫೋಟೊ ಕೆಳಗೆ ದಾವಣಗೆರೆಯ ಅಕ್ಕ ಒಬ್ಬರು 'ರೇಟ್ ಎಷ್ಟು?' ಅಂತ ಕಮೆಂಟ್ ಹಾಕಿದ್ದರು. ಸ್ವಲ್ಪ ಹೊತ್ತಿಗೇ ಅವರಿಗೆ ಮೆಸೇಜ್ ಬಂತು. ಅದೇ ಹೆಸರು, ಅದೇ ಪ್ರೊಫೈಲ್ ಚಿತ್ರ, ನಮ್ಮದೇ ಸೀರೆ ಫೋಟೊಗಳು. ಯೂಸರ್‌ನೇಮಿನ ಕೊನೆಗೆ ಒಂದು ಅಂಡರ್‌ಸ್ಕೋರ್ ಮಾತ್ರ ಜಾಸ್ತಿ. ನಾವು 14,000ಕ್ಕೆ ಕೊಡುವ ಸೀರೆ ಅಲ್ಲಿ 'ಸ್ಟಾಕ್ ಖಾಲಿ ಮಾಡ್ತಿದ್ದೀವಿ' ಅಂತ 4,500. ಅಡ್ವಾನ್ಸ್ 1,500 ಹಾಕಿ ಅಂದರು. ಅಕ್ಕ ಸ್ಕ್ಯಾನ್ ಮಾಡಿದಾಗ ಯಾರೋ ಗೊತ್ತಿಲ್ಲದ ವ್ಯಕ್ತಿಯ ಹೆಸರು ಬಂತು. ಕೇಳಿದರೆ 'ಅದು ನಮ್ಮ ಅಕೌಂಟೆಂಟ್ ಮೇಡಂ' ಅನ್ನೋ ಉತ್ತರ. ದುಡ್ಡು ಹೋದ ಮೇಲೆ 'ಕೊರಿಯರ್ ಡಿಪಾಸಿಟ್ 800 ಹಾಕಿ, ಸೀರೆ ಕೈಗೆ ಸಿಕ್ಕ ಮೇಲೆ ವಾಪಸ್' ಅಂದರಂತೆ. ಆಗ ಅವರಿಗೆ ಅನುಮಾನ ಬಂದು ಹಳೇ ಬಿಲ್ಲಿನಲ್ಲಿದ್ದ ನಂಬರ್‌ಗೆ ಫೋನ್ ಮಾಡಿದರು. ಎಂಟುನೂರು ಉಳಿಯಿತು.

ಆ ಖಾತೆಯನ್ನು ನಾವು ಹುಡುಕಿದರೆ ನಮ್ಮ ಫೋನಿನಲ್ಲಿ ಕಾಣಿಸಲೇ ಇಲ್ಲ. ಇಂಥವರು ಮೊದಲು ಮಾಡುವ ಕೆಲಸವೇ ಅಸಲಿ ಖಾತೆಯನ್ನು ಬ್ಲಾಕ್ ಮಾಡುವುದು. ಅದಕ್ಕೇ ನೀವು ಹೇಳದಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ. ಹೇಳುವಾಗ ಸ್ಕ್ರೀನ್‌ಶಾಟ್ ಜೊತೆ ಆ ಪ್ರೊಫೈಲಿನ ಲಿಂಕ್ ಕೂಡ ಕಾಪಿ ಮಾಡಿ ಕಳಿಸಿ, ಯಾಕಂದ್ರೆ ವರದಿ ಮಾಡುವ ಫಾರಂ ಕೇಳುವುದು ಲಿಂಕನ್ನು. ಬೇಗ ಕಳಿಸಿ. ಯೂಸರ್‌ನೇಮ್ ಬದಲಿಸಿಬಿಟ್ಟರೆ ಹಳೇ ಲಿಂಕ್ ತೆರೆಯುವುದಿಲ್ಲ.

ವರದಿಯನ್ನು ನಾವು ಎರಡು ಥರ ಮಾಡುತ್ತೇವೆ. ನಮ್ಮ ವ್ಯವಹಾರದ ಹೆಸರಲ್ಲಿ ನಟಿಸುತ್ತಿದ್ದಾರೆ ಅಂತ ಒಂದು. ನಮ್ಮ ಫೋಟೊ ಕದ್ದಿದ್ದಾರೆ ಅಂತ ಕಾಪಿರೈಟ್ ಅಡಿಯಲ್ಲಿ ಇನ್ನೊಂದು, ಇದನ್ನು ಫೋಟೊದ ಒಡೆಯರು ಇಲ್ಲವೇ ಅವರ ಪರವಾಗಿ ಅಧಿಕಾರ ಇರುವವರೇ ಕೊಡಬೇಕು. ನೀವೂ ಪ್ರೊಫೈಲಿನ ಮೂರು ಚುಕ್ಕಿ ಒತ್ತಿ, ಬೇರೆಯವರಂತೆ ನಟಿಸುತ್ತಿದ್ದಾರೆ ಅನ್ನೋದನ್ನು ಆರಿಸಿ ವರದಿ ಮಾಡಬಹುದು. ಇಷ್ಟಾದರೂ ಒಂದು ಖಾತೆ ಹೋದರೆ ಇನ್ನೊಂದು ಹುಟ್ಟುತ್ತದೆ, ರಕ್ತಬೀಜಾಸುರನ ಥರ. ಅದಕ್ಕೇ ದುಡ್ಡು ತೆಗೆದುಕೊಳ್ಳುವ ದಾರಿಯನ್ನೇ ಬದಲಿಸಿದ್ದೇವೆ.

ಇನ್ನು ಮೇಲೆ ಸೀರೆ ಇಷ್ಟವಾದರೆ ನೀವೇ ನಮಗೆ ಫೋನ್ ಮಾಡಿ. ವಿಡಿಯೋ ಕಾಲ್‌ನಲ್ಲಿ ಸೆರಗು ಬಿಚ್ಚಿ ತೋರಿಸುತ್ತೇವೆ, ಅಂಚನ್ನು ತಿರುಗಿಸಿ ಹಿಂಭಾಗವನ್ನೂ ತೋರಿಸುತ್ತೇವೆ. ಕದ್ದ ಫೋಟೊ ಇಟ್ಟುಕೊಂಡವನಿಗೆ ಇದು ಆಗದ ಮಾತು, ಸೀರೆ ಅವನ ಹತ್ತಿರ ಇದ್ದರೆ ತಾನೇ! ಆಮೇಲೆ ಬಿಲ್ ಬರುತ್ತದೆ. ದುಡ್ಡು ಸಂಘದ ಹೆಸರಿನ ಖಾತೆಗೆ ಮಾತ್ರ. ಯುಪಿಐ ಪಿನ್ ಒತ್ತುವ ಮೊದಲು ಬ್ಯಾಂಕಿನಲ್ಲಿರುವ ಹೆಸರು ಪರದೆ ಮೇಲೆ ಬರುತ್ತದಲ್ಲ, ಅಲ್ಲಿ ಸಂಘದ ಹೆಸರು ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಪ್ರೊಫೈಲ್ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಬ್ಯಾಂಕ್ ಖಾತೆಯ ಹೆಸರನ್ನು ಹಾಗೆ ಬದಲಿಸಲು ಬರುವುದಿಲ್ಲ. ನಮ್ಮಲ್ಲಿ ಅಕೌಂಟೆಂಟ್, ಮ್ಯಾನೇಜರ್, ಮ್ಯಾನೇಜರ್ ತಮ್ಮ, ಯಾರ ಸ್ವಂತ ಖಾತೆಗೂ ದುಡ್ಡು ಹಾಕಿಸಿಕೊಳ್ಳುವುದಿಲ್ಲ.

ಫೋಟೊಗಳ ಮೇಲೂ ಇನ್ನು ಸಂಘದ ಹೆಸರು ಸೀರೆಯ ನಟ್ಟನಡುವೆ ಇರುತ್ತದೆ. ಅಂದ ಕೆಡುತ್ತದೆ, ನಿಜ. ಮೂಲೆಯಲ್ಲಿ ಹಾಕಿದರೆ ಕತ್ತರಿಸಿ ಹಾಕಿಕೊಳ್ಳುತ್ತಾರೆ.

ಈಗಾಗಲೇ ಯಾರಾದರೂ ದುಡ್ಡು ಹಾಕಿದ್ದರೆ ನಾಚಿಕೆಪಟ್ಟು ಸುಮ್ನೆ ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಪಾವತಿಯ ವಿವರದಲ್ಲಿ 12 ಅಂಕಿಯ ಯುಟಿಆರ್ ನಂಬರ್ ಇರುತ್ತದೆ, ಅದನ್ನು ಕೈಯಲ್ಲಿಟ್ಟುಕೊಂಡೇ ಮಾತಾಡಿ. ದುಡ್ಡು ಇನ್ನೂ ಆ ಖಾತೆಯಲ್ಲೇ ಇದ್ದರೆ ತಡೆಹಿಡಿಯಲು ಆಗುತ್ತದೆ, ಮುಂದಿನ ಖಾತೆಗಳಿಗೆ ದಾಟಿದಷ್ಟೂ ಕಷ್ಟ. cybercrime.gov.in ನಲ್ಲೂ ದೂರು ಕೊಡಬಹುದು, ಇಲ್ಲವೇ ದಾವಣಗೆರೆ, ಚಿತ್ರದುರ್ಗದಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಬಹುದು. ಚಾಟ್ ಅಳಿಸಬೇಡಿ, ಅವರನ್ನು ಬೈದು ಎಚ್ಚರಿಸಲೂ ಬೇಡಿ. ನಮ್ಮ ಕಡೆಯಿಂದ ಪತ್ರ ಬೇಕಾದರೆ ಕೊಡುತ್ತೇವೆ. ದಾವಣಗೆರೆಯ ಅಕ್ಕನಿಗೂ ಕೊಟ್ಟಿದ್ದೇವೆ, ಅವರ 1,500 ಇನ್ನೂ ಬಂದಿಲ್ಲ.

ಕೊನೆಗೆ, ಈ ಪತ್ರದಲ್ಲಿ ಫೋನ್ ನಂಬರ್ ಯಾಕಿಲ್ಲ ಅಂತ ಕೇಳಬಹುದು. ಬೇಕಂತಲೇ ಹಾಕಿಲ್ಲ. ಇದೇ ಪತ್ರವನ್ನು ನಕಲು ಮಾಡಿ, ನಂಬರ್ ಒಂದನ್ನು ಬದಲಿಸಿ ಕಳಿಸಿದರೆ? ನಿಮ್ಮ ಹಳೇ ಬಿಲ್ ಮೇಲೆ, ಸೀರೆ ಡಬ್ಬದ ಒಳಗಿನ ಚೀಟಿಯ ಮೇಲೆ ನಂಬರ್ ಇದೆ, ಅದೇ ನಮ್ಮದು. ಹೊಸಬರಾದರೆ ನಮ್ಮಿಂದ ಸೀರೆ ಕೊಂಡ ಪರಿಚಯದವರನ್ನು ಕೇಳಿ ಪಡೆಯಿರಿ, ಇಲ್ಲವೇ ಅಂಗಡಿಗೇ ಬನ್ನಿ.

ಇಂತಿ,
ಸಂಘದ ಮಾರಾಟ ವಿಭಾಗ, ಮೊಳಕಾಲ್ಮೂರು