ಮಗಳಿಗೊಂದು ಪತ್ರ: ಗುರು ಮೂಗು ಹಿಂಡಿದ ಕಥೆ

ಪ್ರೀತಿಯ ಪುಟ್ಟೀ,

ಒಂದು ಕೈಯ ಸದ್ದು ಎಂಥದ್ದು ಅನ್ನೋ ಝೆನ್ ಪ್ರಶ್ನೆಗೆ ಉತ್ತರ ಇದೆಯಾ, ಇಲ್ಲಾ ಸುಮ್ನೆ ತಲೆ ತಿನ್ನೋದಕ್ಕೆ ಕೇಳ್ತಾರಾ ಅಂತ ಕೇಳಿದ್ದೀಯ. ಉತ್ತರ ಇದೆ. 1916ರಲ್ಲಿ ಜಪಾನಿನಲ್ಲಿ ಯಾರೋ ತಮ್ಮ ಹೆಸರು ಮುಚ್ಚಿಟ್ಟುಕೊಂಡು ಒಂದು ಪುಸ್ತಕ ಹೊರತಂದರು. ಗುರು-ಶಿಷ್ಯರ ನಡುವೆ ಗುಟ್ಟಾಗಿದ್ದ ಉತ್ತರಗಳನ್ನೆಲ್ಲ ಅದರಲ್ಲಿ ಅಚ್ಚು ಹಾಕಿಬಿಟ್ಟರು. ಅದರ ಪ್ರಕಾರ ಶಿಷ್ಯ ಗುರುವಿನ ಎದುರು ನೆಟ್ಟಗೆ ಕೂತು, ಮಾತಿಲ್ಲದೆ ಒಂದು ಕೈಯನ್ನು ಮುಂದೆ ಚಾಚಬೇಕು. ಅಷ್ಟೇ.

ಓದಿ ನಿನಗೇನಾದರೂ ಆಯ್ತಾ? ನನಗೂ ಏನೂ ಆಗಲಿಲ್ಲ. ಗಮ್ಮತ್ತು ಅಲ್ಲೇ ಇದೆ. ಪ್ರಶ್ನೆಪತ್ರಿಕೆ ಬಯಲಾದ ಮೇಲೂ ಜಪಾನಿನ ರಿಂಝೈ ಅನ್ನೋ ಝೆನ್ ಪಂಥದ ಮಠಗಳಲ್ಲಿ ಅದೇ ಪ್ರಶ್ನೆಗಳನ್ನು ಕೇಳುತ್ತಲೇ ಇದ್ದಾರೆ. ಇಂಥ ಪ್ರಶ್ನೆಗೆ ಕೋಆನ್ ಅಂತಾರೆ. ಯಾಕೆ ಅಂತ ತಿಳಿಯೋದಕ್ಕೆ ಇನ್ನೊಂದು ಕೋಆನ್ ನೋಡೋಣ. ಎಷ್ಟೋ ಕಡೆ ಹೊಸಬರಿಗೆ ಮೊದಲು ಕೊಡೋದು ಇದನ್ನೇ.

ಚೀನಾದಲ್ಲಿ ಝಾವ್‌ಝೋ ಅಂತ ಒಬ್ಬ ಗುರು ಇದ್ದ. 778ರಲ್ಲಿ ಹುಟ್ಟಿ 897ರವರೆಗೆ ಬದುಕಿದ್ದ ಅಂತ ಹೇಳ್ತಾರೆ, ನಂಬೋದು ಬಿಡೋದು ನಿನಗೆ ಬಿಟ್ಟದ್ದು. ಒಬ್ಬ ಭಿಕ್ಷು ಅವನನ್ನು ಕೇಳಿದ: "ನಾಯಿಗೆ ಬುದ್ಧಸ್ವಭಾವ ಇದೆಯಾ?" ಝಾವ್‌ಝೋ ಅಂದ: "ವೂ." ಜಪಾನೀಯರು ಅದನ್ನೇ "ಮು" ಅಂತಾರೆ. ಇಲ್ಲ ಅಂತ ಅರ್ಥ.

ಕೇಳಿದವನು ದಡ್ಡನಲ್ಲ. ಎಲ್ಲ ಜೀವಿಗಳಿಗೂ ಬುದ್ಧಸ್ವಭಾವ, ಅಂದರೆ ಬುದ್ಧನಾಗೋ ಗುಣ, ಇದೆ ಅಂತ ಅವನು ಓದಿದ್ದ ಸೂತ್ರಗಳೇ ಹೇಳ್ತವೆ. "ಇದೆ" ಅಂದಿದ್ದರೆ ಸಂತೋಷವಾಗಿ ಎದ್ದು ಹೋಗ್ತಿದ್ದ. ಗುರು "ಇಲ್ಲ" ಅಂದಾಗ ಶಾಸ್ತ್ರ ಸುಳ್ಳೋ, ಗುರು ಸುಳ್ಳೋ ಅನ್ನೋ ಇಕ್ಕಟ್ಟಿಗೆ ಬಿದ್ದ. ಇನ್ನೊಂದು ಸಂಗ್ರಹದಲ್ಲಿ ಬೇರೆ ಭಿಕ್ಷು ಇದೇ ಪ್ರಶ್ನೆ ಕೇಳಿದಾಗ ಝಾವ್‌ಝೋ "ಇದೆ" ಅಂದದ್ದೂ ದಾಖಲಾಗಿದೆ! ಹಾಗಾಗಿ ಇದು ನಾಯಿಯ ಬಗ್ಗೆ ಮಾಹಿತಿ ಅಲ್ಲ. ಇದೆ, ಇಲ್ಲ ಅನ್ನೋ ಎರಡು ಖಾನೆ ಮಾಡಿಟ್ಟುಕೊಂಡು, ಬಂದದ್ದನ್ನೆಲ್ಲ ಒಂದರೊಳಗೆ ತುರುಕೋ ನಮ್ಮ ಚಾಳಿಗೆ ಅಡ್ಡಗಾಲು.

1228ರಲ್ಲಿ 48 ಕೋಆನ್‌ಗಳ ಸಂಗ್ರಹ ಮಾಡಿದ ವೂಮೆನ್ ಇದನ್ನೇ ಮೊದಲನೆಯದಾಗಿ ಇಟ್ಟ. ಅವನು ಕೊಡೋ ಸೂಚನೆ ಬಹಳ ನೇರ. "ವೂ" ಅಂದರೆ ಶೂನ್ಯ ಅಂತ ತಿಳಿಯಬೇಡ, ಇದೆ-ಇಲ್ಲ ಅಂತಲೂ ತೂಗಬೇಡ. ಮೈಯ 360 ಮೂಳೆಗಳು, 84,000 ರೋಮರಂಧ್ರಗಳು, ಎಲ್ಲ ಸೇರಿ ಒಂದೇ ಸಂಶಯದ ಉಂಡೆ ಆಗಲಿ. ಕಾದ ಕಬ್ಬಿಣದ ಗುಂಡು ನುಂಗಿದವನ ಹಾಗೆ, ಉಗುಳೋಕೂ ಆಗಬಾರದು. ಅವನೇ ಈ ಒಂದು ಅಕ್ಷರದ ಜೊತೆ ಆರು ವರ್ಷ ಗುದ್ದಾಡಿದ್ದ. ಕೊನೆಗೆ ಊಟದ ಹೊತ್ತಿನ ನಗಾರಿ ಕೇಳಿದಾಗ ಗಂಟು ಬಿಚ್ಚಿತಂತೆ. ಆಮೇಲೆ ನಾಲ್ಕು ಸಾಲಿನ ಪದ್ಯ ಬರೆದ. ಸಾಲಿಗೆ ಐದರಂತೆ ಇಪ್ಪತ್ತು ಸಲ ಬರೀ "ವೂ". ನಿಮ್ಮ ಕಾಲೇಜಿನಲ್ಲಿ ಹಾಗೆ ಬರೆದರೆ ಸೊನ್ನೆ ಗ್ಯಾರಂಟಿ.

ಮಠದಲ್ಲಿ ಇದು ನಡೆಯೋ ಕ್ರಮ ಹೀಗೆ. ಕೋಆನ್ ಸಿಕ್ಕವನು ಕಾಲು ಮಡಚಿ ಕೂತು, ಉಸಿರು ಬಿಡುವಾಗೆಲ್ಲ ಮನಸ್ಸಿನೊಳಗೆ "ಮು" ಅನ್ನೋದನ್ನೇ ಹಿಡಿದಿರುತ್ತಾನೆ. ಉಣ್ಣುವಾಗ, ಕಸ ಗುಡಿಸುವಾಗಲೂ ಅದೇ. ಸೆಶಿನ್ ಅನ್ನೋ ಶಿಬಿರದ ದಿನಗಳಲ್ಲಿ ದಿನಕ್ಕೆ ಹಲವು ಸಲ ಒಬ್ಬೊಬ್ಬರಾಗಿ ಗುರುವಿನ ಕೋಣೆಗೆ ಹೋಗಬೇಕು. ಅಲ್ಲಿ ಭಾಷಣ ಇಲ್ಲ. ಶಿಷ್ಯ ತನ್ನ ಉತ್ತರ ಒಪ್ಪಿಸುತ್ತಾನೆ. ಗುರು ಕೈಗಂಟೆ ಅಲ್ಲಾಡಿಸಿದರೆ "ಎದ್ದು ಹೋಗು" ಅಂತ. ಒಂದು ನಿಮಿಷವೂ ಆಗಿರೋದಿಲ್ಲ. ಮೊದಮೊದಲು ಎಲ್ಲರೂ ವಿವರಣೆ ತರುತ್ತಾರೆ. ದ್ವಂದ್ವ, ಅದ್ವೈತ, ಮೌನ. ಗಂಟೆ. ವಿವರಣೆ ನಡೆಯಲ್ಲ ಅಂತ ಗೊತ್ತಾದ ಮೇಲೆ ಕೆಲವರು ಕಿರುಚುತ್ತಾರೆ, ನೆಲ ಬಡಿಯುತ್ತಾರೆ. ಅದಕ್ಕೂ ಗಂಟೆ. ತಂದ ಸರಕೆಲ್ಲ ಖಾಲಿಯಾಗುವವರೆಗೆ ಹೀಗೇ.

ಪಾಸಾದೆ ಅಂತ ಅನ್ನಿಸಿದಾಗ ಏನಾಗುತ್ತೆ ಅನ್ನೋದು ಜಪಾನಿನ ಗುರು ಹಾಕುಯಿನ್‌ನ ಕಥೆಯಲ್ಲಿ ಚೆನ್ನಾಗಿದೆ. ಒಂದು ಕೈಯ ಪ್ರಶ್ನೆ ಕಟ್ಟಿದವನೂ ಇವನೇ (1686–1769), ಆದರೆ ಅದು ಅವನ ಮುಪ್ಪಿನ ಕಾಲದ್ದು. ಹುಡುಗನಾಗಿದ್ದಾಗ ಅವನೂ "ಮು" ಹಿಡಿದು ಕೂತಿದ್ದ. 1708ರಲ್ಲಿ ಒಂದು ರಾತ್ರಿ ದೂರದ ಗಂಟೆಯ ಸದ್ದು ಕಿವಿಗೆ ಬಿದ್ದು ಎಲ್ಲ ಬಯಲಾದಂತಾಯಿತು. ಮುನ್ನೂರು ವರ್ಷದಲ್ಲಿ ಇಂಥ ಅರಿವು ಯಾರಿಗೂ ಆಗಿಲ್ಲ ಅಂತ ಅವನಿಗೆ ಅವನೇ ಸರ್ಟಿಫಿಕೇಟ್ ಕೊಟ್ಟುಕೊಂಡ. ಆಮೇಲೆ ಈಯಾಮದ ಶೋಜು ಅನ್ನೋ ಮುದಿ ಗುರುವಿನ ಹತ್ತಿರ ಹೋಗಿ, ತನ್ನ ಅನುಭವದ ಪದ್ಯವೊಂದನ್ನು ಕೈಗಿತ್ತ.

ಮುದುಕ ಕಾಗದ ಹಿಡಿದ ಕೈ ತೋರಿಸಿ, "ಇದು ನೀನು ಕಲಿತದ್ದು" ಅಂದ. ಇನ್ನೊಂದು ಕೈ ಚಾಚಿ, "ನೀನು ಕಂಡದ್ದನ್ನು ಕೊಡು" ಅಂದ. ಹಾಕುಯಿನ್ ಬಿಡಲಿಲ್ಲ. "ಕೊಡೋ ಅಂಥದ್ದೇನಾದರೂ ಇದ್ದರೆ ವಾಂತಿ ಮಾಡ್ತಿದ್ದೆ" ಅಂದು ಓಕರಿಸಿ ತೋರಿಸಿದ. ಶೋಜು ಕೇಳಿದ: "ಝಾವ್‌ಝೋನ ಮು ಏನಾಯ್ತು?" "ಮುಗೆ ಕೈಕಾಲು ಇಡೋಕೆ ಜಾಗ ಎಲ್ಲಿದೆ?" ಅಂದ ಇವನು. ಒಳ್ಳೇ ಉತ್ತರ, ಅಲ್ವಾ? ಮುದುಕ ತಟ್ಟನೆ ಇವನ ಮೂಗು ಹಿಡಿದು ಹಿಂಡಿದ. "ನನ್ನ ಕೈಗೆ ಜಾಗ ಸಿಕ್ಕಿತಲ್ಲ!"

ಈ ಜಾಗವನ್ನು ನಿಧಾನಕ್ಕೆ ಓದು. ಹಾಕುಯಿನ್‌ನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಖಾನೆಗಳನ್ನು ಒಡೆದೆ ಅಂದುಕೊಂಡವನು, ಕೈಕಾಲಿಗೆ ಸಿಗದ ಖಾಲಿ ಅಂತ ಮೂರನೇ ಖಾನೆ ಮಾಡಿ ಅದರಲ್ಲಿ ಬೆಚ್ಚಗೆ ಕೂತಿದ್ದ. ಮೂಗು ನೋಯುವಾಗ ಆ ಖಾಲಿ ಎಲ್ಲಿ ಹೋಯ್ತು? ಶೋಜು ಅವನನ್ನು "ಗವಿಯೊಳಗಿನ ಬಡಪಾಯಿ ಪಿಶಾಚಿ" ಅಂತ ಕರೆದ, ಮುಂದೆಯೂ ಕಂಡಾಗೆಲ್ಲ ಹಾಗೇ ಬೈದ. ಒಂದು ದಿನ ಹಾಕುಯಿನ್ ಭಿಕ್ಷೆಗೆ ಹೋಗಿ, ಒಂದು ಮನೆ ಬಾಗಿಲಲ್ಲಿ ಕೋಆನ್‌ನಲ್ಲೇ ಮುಳುಗಿ ನಿಂತುಬಿಟ್ಟ. ಮುಂದೆ ಹೋಗು ಅಂದದ್ದು ಕೇಳಿಸಲಿಲ್ಲ. ಆ ಮನೆಯ ಮುದುಕಿ ಪೊರಕೆ ತಗೊಂಡು ಬಾರಿಸಿದಳು. ಪ್ರಜ್ಞೆ ತಪ್ಪಿ ಬಿದ್ದವನು ಎದ್ದಾಗ ಬಿಡಿಸಲಾಗದೆ ಉಳಿದಿದ್ದ ಕೋಆನ್‌ಗಳು ತಿಳಿಯಾಗಿದ್ದವು ಅಂತ ತಾನೇ ಬರೆದುಕೊಂಡಿದ್ದಾನೆ.

ಪುಸ್ತಕದ ಉತ್ತರ ಯಾಕೆ ದಕ್ಕೋದಿಲ್ಲ ಅನ್ನೋದು ಇಷ್ಟೇ. ಕೈ ಚಾಚಿದರೂ, "ಮು" ಅಂದರೂ ಗುರು ಅಲ್ಲಿಗೆ ಬಿಡೋದಿಲ್ಲ. "ಮು ಎಷ್ಟು ಎತ್ತರ? ಅದಕ್ಕೆ ವಯಸ್ಸೆಷ್ಟು?" ಅಂತ ಉಪಪ್ರಶ್ನೆ ಬರುತ್ತವೆ. ಬಾಯಿಪಾಠದವನು ಅಲ್ಲಿ ಒಂದು ಕ್ಷಣ ತಡವರಿಸುತ್ತಾನೆ. ಆ ತಡವರಿಕೆಯೇ ಗುರುವಿಗೆ ಸಾಕು. ನಮ್ಮ ಅಲ್ಲಮನ ಬೆಡಗಿನ ವಚನಗಳೂ ಹೀಗೇ ಅಲ್ವಾ ಅಂತ ನೀನು ಕೇಳ್ತೀಯ, ಗೊತ್ತು. ನನಗೆ ಹಾಗನ್ನಿಸೋದಿಲ್ಲ. ಬೆಡಗಿಗೆ ಟೀಕೆ ಬರೆದವರಿದ್ದಾರೆ, ಒಂದೊಂದು ಸಂಕೇತ ಬಿಚ್ಚುತ್ತಾ ಹೋದರೆ ವಚನ ಇನ್ನಷ್ಟು ತೆರೆದುಕೊಳ್ಳುತ್ತೆ. ಕೋಆನ್‌ಗೆ ಅರ್ಥ ಬಿಡಿಸಿ ಕೊಟ್ಟರೆ ಕೆಲಸವೇ ನಿಂತುಹೋಗುತ್ತೆ.

ಒಂದು ಮಾತು ಮಾತ್ರ ಗಂಭೀರವಾಗಿ ತಗೋ. ಹಟ ಹಿಡಿದು ಕೂತ ಹಾಕುಯಿನ್‌ಗೆ ಮುಂದೆ ಕಾಯಿಲೆಯೇ ಬಂತು. ತಲೆಗೆ ಬಿಸಿ ಏರಿತು, ಕಾಲು ಮಂಜಿನ ಹಾಗೆ ತಣ್ಣಗಾಯಿತು, ಕಿವಿಯಲ್ಲಿ ಸದಾ ಹಳ್ಳ ಹರಿಯೋ ಸದ್ದು. ಝೆನ್ ಕಾಯಿಲೆ ಅಂತಲೇ ಅದಕ್ಕೆ ಹೆಸರು. ಆಗ ಕೋಆನ್ ಪಕ್ಕಕ್ಕಿಟ್ಟು, ನೆತ್ತಿಯ ಮೇಲೆ ಬೆಣ್ಣೆಯಂಥ ಉಂಡೆ ಕರಗಿ ಮೈಯೆಲ್ಲ ಇಳಿಯುತ್ತಿದೆ ಅಂತ ನೆನೆಯೋ ಅಭ್ಯಾಸ ಮಾಡಿ ಸುಧಾರಿಸಿಕೊಂಡ. ಹಾಗಾಗಿ ಹಾಸ್ಟೆಲಿನಲ್ಲಿ ಒಬ್ಬಳೇ ನಿದ್ದೆಗೆಟ್ಟು "ಮು" ಅಂತ ಕೂರಬೇಡ. ನಿಜವಾಗಲೂ ನೋಡಬೇಕು ಅನ್ನಿಸಿದರೆ ಕೊಡೈಕೆನಾಲ್ ಹತ್ತಿರ ಪೆರುಮಾಳ್‌ಮಲೈಯಲ್ಲಿ ಬೋಧಿ ಝೆಂಡೋ ಅನ್ನೋ ಝೆನ್ ಧ್ಯಾನಕೇಂದ್ರ ಇದೆ. ಜೆಸ್ವಿಟ್ ಪಾದ್ರಿ ಅಮಾ ಸಾಮಿ ಶುರು ಮಾಡಿದ್ದು, ಅವರು ಜಪಾನಿನ ಯಮಾದಾ ಕೋಉನ್ ಅವರ ಬಳಿ ಕಲಿತವರು. ಪರೀಕ್ಷೆ ಮುಗಿಯಲಿ, ಬೇಕಾದರೆ ಇಬ್ಬರೂ ಹೋಗೋಣ. ಅಪ್ಪನಿಗೆ ಕಾಲು ಮಡಚಿ ಕೂರೋದೇ ಆಗಲ್ಲ, ಅವರು ಬೇಡ.

ಇಂತಿ ನಿನ್ನ,
ಅಮ್ಮ