ರಿಲೇ ಕರ್ವ್ ಆಯ್ಕೆ: ಪೀಣ್ಯದ ಫೀಡರ್ ಬಗ್ಗೆ ಸೂಚನೆ
ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಪೀಣ್ಯದ ಕಾರ್ಖಾನೆಯ ಫೀಡರ್‌ನಲ್ಲಿ ದೊಡ್ಡ ಮೋಟಾರ್ ಸ್ಟಾರ್ಟ್ ಆಗುವಾಗ ಒಟ್ಟು ಕರೆಂಟ್ ಸುಮಾರು 10 ಸೆಕೆಂಡುಗಳ ಕಾಲ ರಿಲೇಯ ಪಿಕಪ್‌ನ 2 ಪಟ್ಟು ಇರುತ್ತದೆ ಎಂದಿಟ್ಟುಕೊಳ್ಳೋಣ. ಶಾರ್ಟ್ ಸರ್ಕ್ಯೂಟ್‌ನಲ್ಲಿ ಅದು 10 ಪಟ್ಟಾಗುತ್ತದೆ. ಆಗ ರಿಲೇ 0.4 ಸೆಕೆಂಡಿನಲ್ಲಿ ಟ್ರಿಪ್ ಆಗಬೇಕು. ಈ ಷರತ್ತಿಗೆ ತಕ್ಕಂತೆ ಮೂರೂ ಐಇಸಿ ಕರ್ವ್‌ಗಳ TMS ಹೊಂದಿಸಿದರೆ, 2 ಪಟ್ಟು ಕರೆಂಟ್‌ಗೆ ಸ್ಟ್ಯಾಂಡರ್ಡ್ ಇನ್ವರ್ಸ್ 1.4 ಸೆಕೆಂಡಿನಲ್ಲಿ, ವೆರಿ ಇನ್ವರ್ಸ್ 3.6 ಸೆಕೆಂಡಿನಲ್ಲಿ ಟ್ರಿಪ್ ಆಗುತ್ತವೆ, ಅಂದರೆ ಮೋಟಾರ್ ವೇಗ ಹಿಡಿಯುವ ಮೊದಲೇ ಫೀಡರ್ ಬಂದ್ ಆಗುತ್ತದೆ. ಎಕ್ಸ್‌ಟ್ರೀಮ್ಲಿ ಇನ್ವರ್ಸ್ ಮಾತ್ರ 13.3 ಸೆಕೆಂಡ್ ಕಾಯುತ್ತದೆ.

`t = TMS × 80/(M² − 1)`, ಇಲ್ಲಿ TMS 0.5, M ಎಂದರೆ ಕರೆಂಟ್ ಪಿಕಪ್‌ನ ಎಷ್ಟು ಪಟ್ಟು ಎಂಬುದು.

ಸೂತ್ರದ ಛೇದದಲ್ಲಿರುವ ಕರೆಂಟ್‌ನ ವರ್ಗವೇ ಫೀಡರ್‌ನ ಕೆಳಗಿನ ಫ್ಯೂಸ್‌ಗೂ ಈ ಕರ್ವ್ ಹೊಂದುವುದಕ್ಕೆ ಕಾರಣ, ಏಕೆಂದರೆ ಫ್ಯೂಸ್ ತಂತಿಯ ಶಾಖವೂ ಕರೆಂಟ್‌ನ ವರ್ಗವನ್ನೇ ಅನುಸರಿಸುತ್ತದೆ. ಸ್ಟ್ಯಾಂಡರ್ಡ್ ಇನ್ವರ್ಸ್ ಹಾಕಿದರೆ ದೊಡ್ಡ ಫಾಲ್ಟ್‌ನಲ್ಲಿ ಎಲ್ಲವೂ ಸರಿಯಾಗಿ ಕಂಡರೂ ಕಡಿಮೆ ಕರೆಂಟ್‌ನಲ್ಲಿ ರಿಲೇ ಮತ್ತು ಫ್ಯೂಸ್‌ನ ಗೆರೆಗಳು ಅಡ್ಡ ಹಾಯ್ದು, ಫ್ಯೂಸ್ ಕರಗುವ ಮೊದಲೇ ಮೇಲಿನ ಬ್ರೇಕರ್ ತೆರೆದುಕೊಳ್ಳಬಹುದು. ಫ್ಯೂಸ್ ಪೂರ್ತಿ ಕಡಿಯಲು ಬೇಕಾದ ಸಮಯದ 0.4 ಭಾಗಕ್ಕೆ 0.15 ಸೆಕೆಂಡ್ ಸೇರಿಸಿದಷ್ಟು ಅಂತರವನ್ನು ಸಾಮಾನ್ಯವಾಗಿ ಇಡುತ್ತಾರೆ. ಫ್ಯೂಸ್ 0.1 ಸೆಕೆಂಡಿನಲ್ಲಿ ಕಡಿದರೆ ರಿಲೇಗೆ ಕನಿಷ್ಠ 0.29 ಸೆಕೆಂಡ್ ಬೇಕು; ನಮ್ಮ 0.4 ಸಾಕು.

ಆದರೆ ಜನರೇಟರ್ ಮೇಲೆ ಓಡುವಾಗ ಫಾಲ್ಟ್ ಕರೆಂಟ್ 3 ಪಟ್ಟಿಗೆ ಇಳಿದರೆ ಇದೇ ರಿಲೇ 5 ಸೆಕೆಂಡ್ ತೆಗೆದುಕೊಳ್ಳುತ್ತದೆ. ಆದ್ದರಿಂದ ಅಂಥ ಕಡೆ, ನನ್ನ ಅಭಿಪ್ರಾಯದಲ್ಲಿ, ಪ್ರತ್ಯೇಕ ಸೆಟ್ಟಿಂಗ್ ಗ್ರೂಪ್ ಇಡುವುದೇ ಒಳ್ಳೆಯದು.